ಸಾಣೆಕಲ್ಲು ಮತ್ತು ಗಂಧದ ಕೊರಡು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದ ಕಡೆಯ ಮನೆಗಳಲ್ಲಿ ಗಂಧದ ಬಗ್ಗೆ ಏಳುವ ಪ್ರಶ್ನೆಗಳು ಬಹುಪಾಲು ಎರಡೇ ಬಗೆಯವು. ಎಷ್ಟು ತೇಯ್ದರೂ ಗಂಧ ಸರಿಯಾಗಿ ಬರುತ್ತಿಲ್ಲ ಎಂಬುದು ಒಂದು, ದುಡ್ಡು ಕೊಟ್ಟು ತಂದ ಕೊರಡು ಅಸಲಿಯೋ ಅಲ್ಲವೋ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಸಿಗುವುದು ಸಾಣೆಕಲ್ಲಿನ ಮೇಲೇ. ತೇಯಲು ಬಾರದವರಿಗೆ ಅಸಲಿ ಕೊರಡೂ ನಕಲಿಯಂತೆ ಕಾಣುತ್ತದೆ. ಹಾಗಾಗಿ ಮೊದಲು ತೇಯುವ ಕ್ರಮ, ಆಮೇಲೆ ಮರದ ಪರೀಕ್ಷೆ.

ಗಂಧ ತೇಯುವ ಸರಿಯಾದ ಕ್ರಮ ಯಾವುದು?

ಕಲ್ಲನ್ನು ಮೊದಲು ತೊಳೆದು ಒದ್ದೆಯಾಗಿಯೇ ಇಡಿ. ತೇಯುವಾಗ ಕಲ್ಲು ಅಲುಗಾಡಿದರೆ ಕೈಯ ಬಲವೆಲ್ಲ ಅಲ್ಲೇ ಹೋಗುತ್ತದೆ, ಆದ್ದರಿಂದ ಅಡಿಗೆ ಹಿಂಡಿದ ಒದ್ದೆ ಬಟ್ಟೆಯ ಮಡಿಕೆ ಹಾಕಿ. ಕೊರಡಿನ ತುದಿಯನ್ನು ಒಂದು ನಿಮಿಷ ನೀರಿನಲ್ಲಿ ಅದ್ದಿ ತೆಗೆಯಿರಿ. ಕಲ್ಲಿನ ನಡುವೆ ಕಾಲು ಟೀ ಚಮಚದಷ್ಟು ನೀರು ಬಿಡಿ, ಅದಕ್ಕಿಂತ ಹೆಚ್ಚು ಬೇಡ.

ತೇಯಬೇಕಾದ್ದು ಕೊರಡಿನ ಅಡ್ಡ ಕೊಯ್ದ ಮುಖವನ್ನು, ಅಂದರೆ ತುದಿಯನ್ನು. ಕೊರಡನ್ನು ಮಲಗಿಸಿ ಮಗ್ಗುಲಿನಿಂದ ಉಜ್ಜಿದರೆ ಮರದ ಎಳೆ ಉದ್ದುದ್ದಕ್ಕೆ ಸಿಬಿರೆದ್ದು ಗಂಧದಲ್ಲಿ ನಾರು ಸೇರುತ್ತದೆ. ತುದಿಯಿಂದ ತೇಯ್ದರೆ ಪ್ರತಿಯೊಂದು ಎಳೆಯೂ ತುಂಡುತುಂಡಾಗಿ ಸವೆದು ಹಿಟ್ಟಿನಂತೆ ಇಳಿಯುತ್ತದೆ. ಕೊರಡನ್ನು ನೆಟ್ಟಗೆ ಹಿಡಿದು, ಅಂಗೈ ಅಗಲದ ಸುತ್ತಿನಲ್ಲಿ, ಒಂದೇ ದಿಕ್ಕಿಗೆ, ಒಂದೇ ಹದದಲ್ಲಿ ತಿರುಗಿಸಿ. ಬಲವಾಗಿ ಒತ್ತಬೇಡಿ. ಕೈಯ ಭಾರವಷ್ಟೇ ಸಾಕು. ಏಳೆಂಟು ಸುತ್ತಿಗೊಮ್ಮೆ ಕೊರಡನ್ನು ಬೆರಳುಗಳ ನಡುವೆ ಸ್ವಲ್ಪ ತಿರುಗಿಸಿ ಹಿಡಿಯಿರಿ. ಇಲ್ಲವಾದರೆ ಮುಖ ಒಂದು ಕಡೆಗೆ ವಾಲಿ ಸವೆಯುತ್ತದೆ, ವಾರದಲ್ಲಿ ಕೊರಡಿನ ತುದಿ ಉಳಿಯಂತಾಗುತ್ತದೆ.

ಒಂದೆರಡು ನಿಮಿಷಕ್ಕೆ ನೀರು ಹಾಲಿನಂತಾಗಿ ಆಮೇಲೆ ಗಟ್ಟಿಯಾಗತೊಡಗುತ್ತದೆ. ಕೊರಡು ಹಿಡಿದೆಳೆದಂತೆ ಅನ್ನಿಸಿದಾಗ ಬೆರಳ ತುದಿಯಿಂದ ಎರಡೇ ಹನಿ ನೀರು ಚಿಮುಕಿಸಿ ಮುಂದುವರಿಸಿ. ಐದಾರು ನಿಮಿಷಕ್ಕೆ ಸುಮಾರು ಅರ್ಧ ಟೀ ಚಮಚ ಗಂಧ ಸಿಕ್ಕರೆ ಕಲ್ಲು, ಕೊರಡು, ಕೈ ಮೂರೂ ಸರಿಯಾಗಿವೆ ಎಂದರ್ಥ. ಹದ ನೋಡಲು ಒಂದು ಬೊಟ್ಟು ತೆಗೆದು ಮುಂಗೈ ಮೇಲಿಟ್ಟು ಕೈ ಓರೆ ಮಾಡಿ. ಹರಿಯದೆ ನಿಂತರೆ ಹದ ಬಂದಿದೆ.

ತೇಯ್ದ ಗಂಧ ನೀರು ನೀರಾಗಿರುತ್ತದೆ, ತಳದಲ್ಲಿ ಹುಡಿ ಕೂರುತ್ತದೆ. ಯಾಕೆ?

ಶುರುವಿನಲ್ಲೇ ನೀರು ಹೆಚ್ಚಾಗಿದೆ. ನೀರು ಹೆಚ್ಚಾದಾಗ ಕೊರಡು ಕಲ್ಲನ್ನು ಮುಟ್ಟದೆ ನೀರಿನ ಪದರದ ಮೇಲೆ ಜಾರುತ್ತದೆ, ಇಳಿದ ಹುಡಿಯೂ ಮತ್ತೆ ಅರೆಯಲ್ಪಡದೆ ಬದಿಗೆ ಹರಿದುಹೋಗುತ್ತದೆ. ಗಂಧ ನುಣ್ಣಗಾಗುವುದು ಒಮ್ಮೆ ಇಳಿದ ಹುಡಿ ಕೊರಡಿನ ಅಡಿಯಲ್ಲಿ ಸಿಕ್ಕಿ ಮತ್ತೆ ಮತ್ತೆ ಅರೆದಾಗ ಮಾತ್ರ. ಹೀಗಾದರೆ ಕಲ್ಲನ್ನು ಓರೆ ಮಾಡಿ ಮೇಲಿನ ನೀರನ್ನು ಬಸಿದು, ಉಳಿದ ಹುಡಿಯ ಮೇಲೆಯೇ ತೇಯುತ್ತಾ ಹೋಗಿ. ಹಾಳಾದದ್ದು ಏನೂ ಇಲ್ಲ.

ಬೆರಳಲ್ಲಿ ಉಜ್ಜಿದರೆ ಗಂಧ ಗರಗರ ಅನ್ನುತ್ತದೆ. ಮರದ ದೋಷವೋ, ಕಲ್ಲಿನದೋ?

ಸ್ವಲ್ಪ ಗಂಧವನ್ನು ಬಿಳಿ ಬಟ್ಟಲಿನ ನೀರಿನಲ್ಲಿ ಕಲಕಿ ಒಂದು ನಿಮಿಷ ಬಿಡಿ. ಗರಗರ ಅನ್ನುವ ಕಣ ಕೂಡಲೇ ತಳ ಸೇರಿ, ಉಗುರಿನಲ್ಲಿ ಒತ್ತಿದಾಗ ಗಟ್ಟಿಯಾಗಿದ್ದರೆ ಅದು ಕಲ್ಲಿನ ಪುಡಿ. ಮೆದುವಾಗಿ, ಚಪ್ಪಟೆಯಾಗಿ, ನಾರಿನಂತಿದ್ದರೆ ಮರದ ಸಿಬಿರು. ಮೊದಲನೆಯದಕ್ಕೆ ಕಲ್ಲನ್ನು ಚೆನ್ನಾಗಿ ತೊಳೆಯಬೇಕು, ತೊಳೆದ ಮೇಲೂ ಬರುತ್ತಿದ್ದರೆ ಕಲ್ಲನ್ನೇ ಬದಲಿಸಬೇಕು. ಎರಡನೆಯದಕ್ಕೆ ಕೊರಡಿನ ಮುಖವನ್ನು ಸಮ ಮಾಡಿಕೊಂಡು, ಒತ್ತುವ ಬಲ ಕಡಿಮೆ ಮಾಡಬೇಕು.

ಎಂಥ ಕಲ್ಲು ಒಳ್ಳೆಯದು?

ಗಟ್ಟಿಯಾಗಿರಬೇಕು, ಕಣ ಸಣ್ಣದಿರಬೇಕು, ಮುಟ್ಟಿದರೆ ಸ್ವಲ್ಪ ತರಿ ಅನ್ನಿಸಬೇಕು. ಸಣ್ಣ ಕಣದ ಕರಿಕಲ್ಲು ಅಥವಾ ಬಿಗಿಯಾದ ಮರಳುಗಲ್ಲು ಆಗುತ್ತದೆ. ಏಳೆಂಟು ಅಂಗುಲ ಅಗಲದ್ದು ಮನೆಗೆ ಸಾಕು. ಸುತ್ತ ಸಣ್ಣ ಅಂಚು, ಒಂದು ಕಡೆ ಹರಿಯಲು ತೂಬು ಇದ್ದರೆ ಗಂಧ ತೆಗೆಯುವುದು ಸುಲಭ.

ಕರಾವಳಿಯಲ್ಲಿ ಅಂಗಳದ ತುಂಬ ಸಿಗುವ ಚಿರೆಕಲ್ಲು ಇದಕ್ಕೆ ಬರುವುದಿಲ್ಲ. ಅದರ ತೂತುಗಳಲ್ಲಿ ಗಂಧ ಇಂಗಿಹೋಗುತ್ತದೆ, ಕೆಂಪು ಬಣ್ಣವೂ ಬಿಡುತ್ತದೆ. ಬಳಪದ ಕಲ್ಲು ಕೊರಡಿಗಿಂತ ಮೊದಲು ತಾನೇ ಸವೆಯುತ್ತದೆ. ಗಂಧ ಬೆಳ್ಳಗೆ, ಜಾರು ಜಾರಾಗಿ, ಬೇಗ ಬೇಗ ಬರುತ್ತಿದ್ದರೆ ಖುಷಿ ಪಡಬೇಡಿ, ಹಣೆಗೆ ಹಚ್ಚಿಕೊಳ್ಳುತ್ತಿರುವುದು ಅರ್ಧಪಾಲು ಬಳಪ. ಹೊಳಪು ಕೊಟ್ಟ ಅಮೃತಶಿಲೆಯ ತಟ್ಟೆಗಳು ನೋಡಲು ಚೆಂದ, ಕೊರಡು ಮಾತ್ರ ಅದರ ಮೇಲೆ ಜಾರುತ್ತದೆ.

ಅಜ್ಜನ ಕಾಲದ ಸಾಣೆಕಲ್ಲಿದೆ. ಈಗೀಗ ಎಷ್ಟು ತೇಯ್ದರೂ ಗಂಧ ಇಳಿಯುವುದಿಲ್ಲ.

ಎರಡು ಕಾರಣ ಇರಬಹುದು, ಮೊದಲು ಸುಲಭದ್ದನ್ನು ನೋಡಿ. ದಿನಾ ತೇಯ್ದು ಸರಿಯಾಗಿ ತೊಳೆಯದ ಕಲ್ಲಿನ ಸಣ್ಣ ಗುಂಡಿಗಳಲ್ಲಿ ಹಳೆಯ ಗಂಧ ಒಣಗಿ ತುಂಬಿಕೊಂಡಿರುತ್ತದೆ. ಬಿಸಿನೀರು ಹೊಯ್ದು ಕಾಲು ತಾಸು ಬಿಟ್ಟು ತೆಂಗಿನ ನಾರಿನಿಂದ ಗಸಗಸ ತಿಕ್ಕಿ. ಸೋಪು, ಪಾತ್ರೆ ತಿಕ್ಕುವ ಪುಡಿ ಯಾವುದೂ ಬೇಡ. ಅವುಗಳ ವಾಸನೆ ಕಲ್ಲಿನಲ್ಲೇ ಕುಳಿತು ತಿಂಗಳುಗಟ್ಟಲೆ ಗಂಧದಲ್ಲಿ ಬರುತ್ತದೆ.

ತಿಕ್ಕಿದ ಮೇಲೂ ಇಳಿಯದಿದ್ದರೆ ಕಲ್ಲು ನುಣುಪಾಗಿದೆ. ಒಣಗಿದ ಕಲ್ಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಡುವಿನಲ್ಲಿ ಕನ್ನಡಿಯ ಹೊಳಪು ಕಂಡರೆ ಅದೇ ಕಾರಣ. ಕಿವಿಗೂ ಗೊತ್ತಾಗುತ್ತದೆ: ಸರಿಯಿರುವ ಕಲ್ಲು ಮೆಲ್ಲಗೆ ಸರ್ ಸರ್ ಅನ್ನುತ್ತದೆ, ನುಣುಪಾದ ಕಲ್ಲಿಗೆ ಸದ್ದೇ ಇಲ್ಲ.

ಮನೆಯಲ್ಲೇ ಸರಿ ಮಾಡಬಹುದು. ಹೊಳೆಯ ಮರಳನ್ನು ಜರಡಿ ಹಿಡಿದು ಸಣ್ಣದನ್ನು ಒಂದು ಹಿಡಿ ತೆಗೆದುಕೊಳ್ಳಿ. ಸಮುದ್ರದ ಮರಳು ಬೇಡ, ಅಲೆಗೆ ಉರುಳಿ ಅದರ ಕಣ ಗುಂಡಗಾಗಿರುತ್ತದೆ, ಉಪ್ಪೂ ಇರುತ್ತದೆ. ಸಾಣೆಕಲ್ಲಿನ ಮೇಲೆ ಮರಳು ಹಾಕಿ, ನೀರು ಬಿಟ್ಟು, ಚಪ್ಪಟೆ ಮುಖದ ಇನ್ನೊಂದು ಗಟ್ಟಿ ಕಲ್ಲಿನಿಂದ ಇಡೀ ಮೈಮೇಲೆ ಸುತ್ತುಸುತ್ತಾಗಿ ಇಪ್ಪತ್ತು ನಿಮಿಷ ಉಜ್ಜಿ. ಮರಳು ಕೆಸರಿನಂತಾದಾಗ ಹೊಸದು ಹಾಕಿ. ನಡುವಿನಲ್ಲಷ್ಟೇ ಉಜ್ಜಿದರೆ ಗುಂಡಿ ಬೀಳುತ್ತದೆ, ಆಮೇಲೆ ಕೊರಡಿನ ಮುಖ ಸಮವಾಗಿ ಕೂರುವುದೇ ಇಲ್ಲ. ಕೊನೆಗೆ ಮೂರು ನಾಲ್ಕು ನೀರಿನಲ್ಲಿ ತೊಳೆದು, ಮೊದಲ ಸಲ ತೇಯ್ದ ಗಂಧವನ್ನು ಚೆಲ್ಲಿಬಿಡಿ, ಅದರಲ್ಲಿ ಮರಳಿನ ಕಣ ಇದ್ದೇ ಇರುತ್ತದೆ. ತೀರಾ ಗುಂಡಿ ಬಿದ್ದ ಕಲ್ಲನ್ನು ಕಲ್ಲು ಕೆತ್ತುವವರ ಬಳಿಯೇ ಸಮ ಮಾಡಿಸಬೇಕು.

ದಿನದ ಪೂಜೆಗೆ ಎಷ್ಟು ಬೇಕು? ಕೊರಡು ಎಷ್ಟು ದಿನ ಬರುತ್ತದೆ?

ಮನೆದೇವರ ಪೂಜೆಗೆ ಕಡಲೆಕಾಳಿನಷ್ಟು ಗಂಧ ಧಾರಾಳವಾಯಿತು. ಅಷ್ಟು ಗಂಧದಲ್ಲಿ ಅರ್ಧ ನೀರೇ ಇರುತ್ತದೆ, ಮರದ ಪಾಲು ಸುಮಾರು 0.15 ಗ್ರಾಂ. ಈ ಲೆಕ್ಕಕ್ಕೆ 50 ಗ್ರಾಂ ಕೊರಡು ಒಂದು ವರ್ಷದ ಆಸುಪಾಸು ಬರುತ್ತದೆ. ಎರಡೇ ತಿಂಗಳಲ್ಲಿ ಮುಗಿಯಿತು ಅಂದರೆ ಒಂದೋ ಅಗತ್ಯಕ್ಕಿಂತ ಹೆಚ್ಚು ತೇಯುತ್ತಿದ್ದೀರಿ, ಇಲ್ಲವೇ ಮರ ಮೆದು ಜಾತಿಯದು.

ಸತ್ಯನಾರಾಯಣ ಪೂಜೆಯಂಥ ದಿನ, ಮೂವತ್ತು ನಲವತ್ತು ಜನರಿಗೆ ಪ್ರಸಾದದ ಗಂಧವೂ ಬೇಕು ಅಂದರೆ ಮೂರು ಟೀ ಚಮಚದಷ್ಟಾದರೂ ತೇಯಬೇಕಾಗುತ್ತದೆ. ಭಟ್ಟರು ಬಂದ ಮೇಲೆ ಕೂತರೆ ಮುಗಿಯುವ ಕೆಲಸ ಅಲ್ಲ, ಅರ್ಧ ತಾಸು ಮೊದಲೇ ಒಬ್ಬರನ್ನು ಕೂರಿಸಿ. ತೇಯ್ದದ್ದನ್ನು ಬಟ್ಟಲಿಗೆ ತೆಗೆದು ಮೇಲೆ ಒದ್ದೆ ಬಾಳೆಕೀತು ಮುಚ್ಚಿಟ್ಟರೆ ಪೂಜೆ ಮುಗಿಯುವವರೆಗೂ ಒಣಗುವುದಿಲ್ಲ.

ಕೇಸರಿ ಸೇರಿಸುವುದಾದರೆ ಎರಡು ಮೂರು ಎಸಳನ್ನು ಕಲ್ಲಿನ ಮೇಲಿನ ನೀರಿನಲ್ಲಿ ಹತ್ತು ನಿಮಿಷ ಮೊದಲೇ ನೆನೆಹಾಕಿ, ಅದರ ಮೇಲೆಯೇ ಕೊರಡು ತೇಯಿರಿ. ಪಚ್ಚೆಕರ್ಪೂರವನ್ನು ಕಡೆಯಲ್ಲಿ, ಸಾಸಿವೆ ಕಾಳಿನಷ್ಟು ಮಾತ್ರ. ಅದಕ್ಕಿಂತ ಹೆಚ್ಚಾದರೆ ಗಂಧದ ಪರಿಮಳ ಮುಚ್ಚಿಹೋಗಿ ಬರೀ ಕರ್ಪೂರವೇ ಮೂಗಿಗೆ ಹೊಡೆಯುತ್ತದೆ.

ಗಂಧವನ್ನು ತಾಮ್ರದ ಬಟ್ಟಲಿನಲ್ಲಿ ಇಡಬಾರದು ಅನ್ನುತ್ತಾರೆ, ಹೌದಾ?

ಹಲವು ಮನೆಗಳ ಪದ್ಧತಿ ಅದೇ. ಬೆಳ್ಳಿ ಬಟ್ಟಲು, ಕಲ್ಲಿನ ಬಟ್ಟಲು ಅಥವಾ ಬಾಳೆಕೀತು ಬಳಸುತ್ತಾರೆ. ಸಾಣೆಕಲ್ಲಿನಿಂದ ನೇರವಾಗಿ ದೇವರಿಗೆ ಏರಿಸದೆ ಒಮ್ಮೆ ಬಟ್ಟಲಿಗೆ ತೆಗೆದು, ಉಂಗುರದ ಬೆರಳಿನಿಂದ ಹಚ್ಚುವುದೂ ಹಾಗೆಯೇ ನಡೆದುಬಂದದ್ದು. ನಿಮ್ಮ ಮನೆಯ ಹಿರಿಯರು ಹೇಗೆ ಮಾಡುತ್ತಾರೋ ಹಾಗೆ ಮಾಡಿ.

ಒಣ ಕೊರಡಿಗೆ ಮೂಗಿಟ್ಟರೆ ವಾಸನೆಯೇ ಇಲ್ಲ. ನಕಲಿಯಾ?

ಅಷ್ಟಕ್ಕೇ ನಕಲಿ ಅನ್ನಬೇಡಿ. ಗಂಧದ ಎಣ್ಣೆ ಬೇಗ ಹಾರಿಹೋಗುವ ಜಾತಿಯದಲ್ಲ. ಸ್ಯಾಂಟಲಾಲ್ ಎಂಬ ಅದರ ಮುಖ್ಯ ಅಂಶ ಭಾರವಾದದ್ದು, ಮೆಲ್ಲಗೆ ಬಿಡುವಂಥದ್ದು. ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇದ್ದ ಕೊರಡಿನ ಮೇಲ್ಮೈ ಸತ್ತಂತೆ ಇರುತ್ತದೆ, ಒಳಗೆ ಎಲ್ಲವೂ ಇರುತ್ತದೆ. ತುದಿಯನ್ನು ಗಾಜಿನ ಚೂರಿನಿಂದ ಕೆರೆದು, ಒಂದು ಹನಿ ನೀರು ಹಚ್ಚಿ, ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ನೋಡಿ. ಹಾಗೆ ನೋಡಿದರೆ, ಕಾಗದ ಬಿಚ್ಚುವ ಮೊದಲೇ ಕೋಣೆ ತುಂಬ ಘಮ್ಮೆನ್ನುವ ಕೊರಡಿನ ಮೇಲೆಯೇ ಹೆಚ್ಚು ಅನುಮಾನ ಪಡಬೇಕು.

ಜಾತ್ರೆಯಲ್ಲಿ ಒಂದು ತುಂಡು ತಂದಿದ್ದೇವೆ. ಅಸಲಿಯೇ ಎಂದು ಮನೆಯಲ್ಲಿ ಹೇಗೆ ನೋಡುವುದು?

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ತುಂಡು 10 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ, 3 ಸೆಂಟಿಮೀಟರ್ ದಪ್ಪ ಇದೆ. ಕೊಟ್ಟ ಹಣ 200 ರೂಪಾಯಿ. ಹಳದಿ ಬಣ್ಣ, ಒಳ್ಳೆಯ ಪರಿಮಳ.

ಮೊದಲು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಉದ್ದ, ಅಗಲ, ದಪ್ಪ ಗುಣಿಸಿದರೆ 90 ಘನ ಸೆಂಟಿಮೀಟರ್ ಆಯಿತು. ಒಣಗಿದ ಶ್ರೀಗಂಧದ ಚೇಗು, ಅಂದರೆ ಮರದ ನಡುವಿನ ಬಲಿತ ಭಾಗ, ಘನ ಸೆಂಟಿಮೀಟರಿಗೆ ಹೆಚ್ಚುಕಡಿಮೆ 0.9 ಗ್ರಾಂ ತೂಗುತ್ತದೆ. ಹಾಗಾಗಿ ಈ ತುಂಡು 80 ಗ್ರಾಂ ಆಸುಪಾಸು ಇರಬೇಕು. ತಕ್ಕಡಿ 55 ಗ್ರಾಂ ತೋರಿಸಿದರೆ ಮುಂದಿನ ಪರೀಕ್ಷೆಯೇ ಬೇಡ, ಅದು ಯಾವುದೋ ಹಗುರ ಮರ. 80 ತೋರಿಸಿತು ಎಂದ ಮಾತ್ರಕ್ಕೆ ಅಸಲಿ ಎಂದು ಹೇಳಿದಂತಾಗಲಿಲ್ಲ, ಅಷ್ಟೇ ಭಾರದ ಬೇರೆ ಮರಗಳೂ ಉಂಟು.

ಬೆಲೆಯನ್ನೂ ಇಲ್ಲೇ ಒಮ್ಮೆ ಗುಣಿಸಿ. ಒಳ್ಳೆಯ ಚೇಗಿನ ಗಂಧ ಕಿಲೋಗೆ ಹತ್ತು ಸಾವಿರ ರೂಪಾಯಿಗೆ ಮೇಲೆಯೇ. ಅಂದ ಮೇಲೆ 80 ಗ್ರಾಂ ತುಂಡಿಗೆ ಕನಿಷ್ಠ 800 ರೂಪಾಯಿ ಆಗಬೇಕು. 200ಕ್ಕೆ ಕೊಟ್ಟವರು ಧರ್ಮಕ್ಕೆ ಕೊಟ್ಟಿರಲಿಕ್ಕಿಲ್ಲ.

ಮೂರನೆಯದು ಅಡ್ಡ ಮುಖ. ತುದಿಯನ್ನು ಹರಿತವಾದ ಬ್ಲೇಡಿನಿಂದ ಒಂದು ಪದರ ಸವರಿ ಬೆಳಕಿಗೆ ಹಿಡಿಯಿರಿ. ಶ್ರೀಗಂಧದ ರಂಧ್ರಗಳು ಬಲು ಸಣ್ಣವು, ಬರಿಗಣ್ಣಿಗೆ ಕಾಣುವುದಿಲ್ಲ. ಮುಖ ಮೇಣದಂತೆ ನಯವಾಗಿ, ಸ್ವಲ್ಪ ಜಿಡ್ಡಾಗಿ ಕಾಣುತ್ತದೆ, ಬಣ್ಣದ ಪಟ್ಟೆಗಳು ಒಂದಿಷ್ಟು ಏರುಪೇರಾಗಿರುತ್ತವೆ. ಸೂಜಿ ಚುಚ್ಚಿದಂಥ ತೂತುಗಳು ಬರಿಗಣ್ಣಿಗೇ ಕಂಡರೆ ಅದು ಶ್ರೀಗಂಧ ಅಲ್ಲ. ಹೊರಗಿನ ಅಂಚಿನಲ್ಲಿ ಬಣ್ಣ ಗಾಢವಾಗಿದ್ದು ಒಳಗೆ ಹೋದಂತೆ ತಿಳಿಯಾದರೆ ಬಣ್ಣ ಹೊರಗಿನಿಂದ ಇಳಿದದ್ದು. ನಿಜವಾದ ಮರದಲ್ಲಿ ಇದರ ತಿರುವು, ಒಳಗೆ ಗಾಢ, ಹೊರಗೆ ತಿಳಿ.

ನಾಲ್ಕನೆಯದೇ ನಿಜವಾದ ಪರೀಕ್ಷೆ, ಸಾಣೆಕಲ್ಲಿನದು. ಬೇರೆ ಮರವನ್ನು ಗಂಧದ ಎಸೆನ್ಸಿನಲ್ಲಿ ಅದ್ದಿ ಒಣಗಿಸಿದರೆ ಪರಿಮಳ ಹೊರಪದರದಲ್ಲೇ ಹೆಚ್ಚು ನಿಲ್ಲುತ್ತದೆ, ತುದಿಯ ಎಳೆಬಾಯಿಗಳಿಂದ ಸ್ವಲ್ಪ ಒಳಕ್ಕೂ ಇಳಿದಿರುತ್ತದೆ. ಹಾಗಾಗಿ ತುದಿಯನ್ನೇ ತೇಯ್ದು ಮೋಸಹೋಗಬೇಡಿ. ತುಂಡನ್ನು ಗರಗಸದಿಂದ ನಡುವೆ ಕೊಯ್ಯಿರಿ. ಕೊಯ್ದ ಹೊಸ ಮುಖವನ್ನು, ಹೊರ ಅಂಚನ್ನು ಬಿಟ್ಟು ನಡುಭಾಗವೇ ತಾಗುವಂತೆ, ಐದು ನಿಮಿಷ ತೇಯಿರಿ. ಅಸಲಿಯಾದರೆ ತೇಯುತ್ತಾ ಹೋದಂತೆ ಪರಿಮಳ ಏರುತ್ತದೆ, ಯಾಕೆಂದರೆ ಎಣ್ಣೆ ಇರುವುದು ಮರದೊಳಗೆ. ನಕಲಿಯಾದರೆ ಹೊರಮೈ ತಂದ ವಾಸನೆ ಇಲ್ಲಿ ಇಳಿದುಬಿಡುತ್ತದೆ, ಉಳಿಯುವುದು ಹಸಿ ಹಲಗೆಯ ವಾಸನೆ.

ಆ ಗಂಧವನ್ನು ಮುಂಗೈಗೆ ಹಚ್ಚಿ ಒಣಗಲು ಬಿಡಿ, ಸ್ವಲ್ಪವನ್ನು ಬಟ್ಟಲಿನಲ್ಲೂ ಬಿಡಿ. ಎಸೆನ್ಸಿನ ವಾಸನೆ ಮೊದಲ ಕ್ಷಣ ಜೋರು, ಮದ್ಯಸಾರದಂತೆ ಅಥವಾ ಅಗ್ಗದ ಅಗರಬತ್ತಿಯಂತೆ ಮೂಗಿಗೆ ಚುಚ್ಚುತ್ತದೆ. ಅಸಲಿ ಗಂಧ ಮೆತ್ತಗೆ ಶುರುವಾಗುತ್ತದೆ, ಹಾಲಿನ ಕೆನೆಯಂಥ ಸಿಹಿ, ಹಿಂದೆ ಒಣ ಮರದ ವಾಸನೆ. ಮಾರನೆಯ ಬೆಳಿಗ್ಗೆ ಬಟ್ಟಲಿನಲ್ಲಿ ಒಣಗಿದ್ದಕ್ಕೆ ಒಂದು ಹನಿ ನೀರು ಹಾಕಿ ಕಲಸಿದರೆ ಮತ್ತೆ ಅದೇ ಪರಿಮಳ ಏಳಬೇಕು.

ಕಡೆಯದಾಗಿ ಕೊಯ್ಯುವಾಗ ಉದುರಿದ ಹುಡಿಯನ್ನು ಬಿಳಿ ಬಟ್ಟಲಿನ ತಣ್ಣೀರಿಗೆ ಹಾಕಿಡಿ. ಅಸಲಿ ಹುಡಿ ನೀರಿಗೆ ತೆಳು ಹಳದಿ ಛಾಯೆ ಬಿಡಬಹುದು, ಅಷ್ಟೇ. ಹತ್ತೇ ನಿಮಿಷದಲ್ಲಿ ನೀರು ಕಡು ಹಳದಿಯೋ ಕಂದೋ ಆದರೆ ಬಣ್ಣ ಹಾಕಿದ್ದಾರೆ.

ನೀರಿನಲ್ಲಿ ಮುಳುಗಿದರೆ ಅಸಲಿ ಅಂತಾರಲ್ಲ?

ತಪ್ಪು ನಂಬಿಕೆ. ಮೇಲಿನ ತೂಕದ ಲೆಕ್ಕವೇ ಹೇಳುತ್ತದೆ, ಶ್ರೀಗಂಧ ನೀರಿಗಿಂತ ತುಸು ಹಗುರ. ಸಾಮಾನ್ಯವಾಗಿ ಹೆಚ್ಚಿನ ಭಾಗ ಮುಳುಗಿ, ಬೆನ್ನು ಮಾತ್ರ ಮೇಲೆ ಕಾಣುವಂತೆ ತೇಲುತ್ತದೆ. ಕಲ್ಲಿನಂತೆ ತಳ ಸೇರುವ ತುಂಡು ಬೇರೆ ಗಟ್ಟಿ ಮರ ಆಗಿರುವುದೇ ಹೆಚ್ಚು.

ಕೊರಡು ಅಸಲಿ ಶ್ರೀಗಂಧದ್ದೇ, ಆದರೂ ಗಂಧಕ್ಕೆ ಪರಿಮಳವಿಲ್ಲ. ಇದು ಹೇಗೆ?

ಇದೇ ಎಲ್ಲಕ್ಕಿಂತ ನಾಜೂಕಾದ ಮೋಸ. ಮರ ಶ್ರೀಗಂಧದ್ದೇ, ಆದರೆ ತುಂಡು ಹೊರಗಿನ ಬಿಳಿ ಭಾಗದ್ದು. ಎಣ್ಣೆ ತುಂಬುವುದು ಚೇಗಿನಲ್ಲಿ ಮಾತ್ರ, ಅದರಲ್ಲೂ ಬೇರು ಮತ್ತು ಬುಡದಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಚೇಗು ಕಟ್ಟಲು ಶುರುವಾಗುವುದೇ ಮರಕ್ಕೆ ಹತ್ತು ಹದಿನೈದು ವರ್ಷ ಆದ ಮೇಲೆ. ಎಳೆಯ ಮರ ಕಡಿದರೆ ಸಿಗುವುದು ಬಿಳಿ ಮರವೊಂದೇ, ಅದಕ್ಕೆ ಪರಿಮಳವಿಲ್ಲ. ಆ ಬಿಳಿ ತುಂಡಿಗೆ ಗಂಧದೆಣ್ಣೆ ಸವರಿ ಮಾರಿದರೆ ತೂಕ, ನಯ, ಮುಖ ಎಲ್ಲ ಪರೀಕ್ಷೆಗಳನ್ನೂ ಅದು ದಾಟಿಬಿಡುತ್ತದೆ. ಸಿಕ್ಕಿಬೀಳುವುದು ನಡುವೆ ಕೊಯ್ದು ತೇಯ್ದಾಗ ಮಾತ್ರ: ಗಂಧ ಸುಣ್ಣದಂತೆ ಬೆಳ್ಳಗಿರುತ್ತದೆ. ಚೇಗಿನ ಗಂಧ ತಿಳಿ ಹಳದಿಯಿಂದ ತಿಳಿ ಕಂದಿನವರೆಗೆ ಇರುತ್ತದೆ.

ಅರ್ಧ ಚೇಗು, ಅರ್ಧ ಬಿಳಿ ಇರುವ ಕೊರಡು ಮೋಸವೇನಲ್ಲ. ಬೆಲೆ ಅದಕ್ಕೆ ತಕ್ಕಂತೆ ಕಡಿಮೆ ಇರಬೇಕು, ತೇಯುವಾಗ ಬಿಳಿ ಅಂಚನ್ನು ಚಾಕುವಿನಿಂದ ಕೆತ್ತಿ ತೆಗೆದುಕೊಳ್ಳಬೇಕು.

ಪೊಟ್ಟಣದ ಗಂಧದ ಪುಡಿಯನ್ನು ಪರೀಕ್ಷಿಸುವುದು ಹೇಗೆ?

ಮನೆಯಲ್ಲಿ ಸಾಧ್ಯವಿಲ್ಲ. ಎಣ್ಣೆ ತೆಗೆದು ಉಳಿದ ಗಂಧದ ಹುಡಿಗೇ ಎಸೆನ್ಸ್ ಸೇರಿಸಿದ್ದರೆ ಮರ ನಿಜವಾದದ್ದೇ, ಸತ್ವ ಮಾತ್ರ ಇಲ್ಲ. ಕೊಯ್ದು ನೋಡಲು ಪುಡಿಗೆ ಒಳಗು ಹೊರಗು ಎಂಬುದಿಲ್ಲವಲ್ಲ. ಧೂಪಕ್ಕಾದರೆ ತನ್ನಿ. ಹಣೆಗೆ, ಮೈಗೆ ಬೇಕಾದರೆ ಕೊರಡೇ ತನ್ನಿ.

ರಕ್ತಚಂದನ, ಗೋಪಿಚಂದನ ಇವೂ ಗಂಧವೇ?

ಅಲ್ಲ. ರಕ್ತಚಂದನ ಬೇರೆ ಜಾತಿಯ ಕೆಂಪು ಮರ, ತೇಯ್ದರೆ ಬಣ್ಣ ಬರುತ್ತದೆ, ಗಂಧದ ಪರಿಮಳ ಇರುವುದಿಲ್ಲ. ಪರಿಮಳ ಇರುವ ‘ಕೆಂಪು ಗಂಧ’ ಎಂದು ಯಾರಾದರೂ ಕೊಟ್ಟರೆ ಅದಕ್ಕೆ ಎಸೆನ್ಸ್ ಹಾಕಿದ್ದಾರೆ. ಗೋಪಿಚಂದನ ಮರವೇ ಅಲ್ಲ, ನಾಮಕ್ಕೆ ಬಳಸುವ ಹಳದಿ ಮಣ್ಣು.

ಅಸಲಿ ಕೊರಡನ್ನು ಎಲ್ಲಿ ಕೊಳ್ಳಬೇಕು?

ಬಿಲ್ ಕೊಡುವ ಕಡೆ. ರಾಜ್ಯ ಕರಕುಶಲ ಅಭಿವೃದ್ಧಿ ನಿಗಮದ ಕಾವೇರಿ ಮಳಿಗೆಗಳು, ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಗಮದ ಮಾರಾಟ ಮಳಿಗೆಗಳಲ್ಲಿ ಮೊದಲು ವಿಚಾರಿಸಿ. ಶಿರಸಿ, ಸಾಗರ, ಸೊರಬದ ಕಡೆ ಗಂಧದ ಕೆತ್ತನೆಗೆ ಹೆಸರಾದ ಗುಡಿಗಾರ ಕುಟುಂಬಗಳಿವೆ. ಮರವನ್ನು ಕೈಯಿಂದಲೇ ಬಲ್ಲವರು ಅವರು, ಅನುಮಾನದ ತುಂಡನ್ನು ಒಮ್ಮೆ ಅವರಿಗೆ ತೋರಿಸಿದರೆ ಉಳಿದ ಪರೀಕ್ಷೆಗಳ ಅರ್ಧ ಕೆಲಸ ತಪ್ಪುತ್ತದೆ. ಬಿಲ್ ಇಲ್ಲದೆ ಮನೆಬಾಗಿಲಿಗೆ ಬರುವ ಗಂಧ ನಕಲಿಯಾದರೆ ದುಡ್ಡು ಹೋಗುತ್ತದೆ, ಅಸಲಿಯಾದರೆ ಕದ್ದ ಮಾಲು ಆಗಿರಬಹುದು. ಎರಡನೆಯದರ ತಾಪತ್ರಯ ಹೆಚ್ಚು.

ನಮ್ಮ ಜಾಗದಲ್ಲೇ ಗಂಧದ ಮರ ಇದೆ. ಒಂದು ಕೊಂಬೆ ಕಡಿದುಕೊಳ್ಳಬಹುದೇ?

ಅನುಮತಿ ಇಲ್ಲದೆ ಬೇಡ. 2001ರ ತಿದ್ದುಪಡಿಯ ನಂತರ ಸ್ವಂತ ಜಮೀನಿನ ಶ್ರೀಗಂಧದ ಮರದ ಮೇಲೆ ಜಮೀನಿನವರಿಗೇ ಹಕ್ಕಿದೆ, ಆದರೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ನಮ್ಮ ಜಿಲ್ಲೆಯವರು ಇನ್ನೊಂದು ವಿಷಯ ನೆನಪಿಡಬೇಕು: ಸೊಪ್ಪಿನ ಬೆಟ್ಟ ಮಾಲ್ಕಿ ಜಮೀನಲ್ಲ. ಅಲ್ಲಿನ ಗಂಧದ ಮರ ನಿಮ್ಮ ತೋಟಕ್ಕೆ ತಾಗಿಕೊಂಡಿದ್ದರೂ ನಿಮ್ಮದಾಗುವುದಿಲ್ಲ. ಇಷ್ಟಾಗಿ ಕೊಂಬೆಯಲ್ಲಿ ಸಿಗುವುದು ಹೆಚ್ಚಿನಂಶ ಪರಿಮಳವಿಲ್ಲದ ಬಿಳಿ ಮರವೇ.

ಚರ್ಮಕ್ಕೆ ಹಚ್ಚುವ ಗಂಧವನ್ನು ಬೇರೆ ರೀತಿ ತೇಯಬೇಕೇ?

ಇನ್ನಷ್ಟು ನುಣ್ಣಗೆ ಬೇಕು. ಹದ ಬಂದ ಮೇಲೆ ಹೊಸ ನೀರು ಹಾಕದೆ ಅದೇ ಗಂಧದ ಮೇಲೆ ಮತ್ತೆ ಎರಡು ನಿಮಿಷ ತೇಯಿರಿ, ಕಡೆಯಲ್ಲಿ ನಾಲ್ಕೈದು ಹನಿ ನೀರಿನಿಂದ ಸಡಿಲ ಮಾಡಿಕೊಳ್ಳಿ. ಕುದಿಸಿ ಆರಿಸಿದ ನೀರು ಬಳಸಿ. ಮುಖಕ್ಕೆ ಒಂದೂವರೆ ಟೀ ಚಮಚ ಬೇಕಾಗುತ್ತದೆ. ತೆಳುವಾಗಿ ಹಚ್ಚಿ, ಹದಿನೈದು ನಿಮಿಷಕ್ಕೆ, ಪೂರ್ತಿ ಒಣಗಿ ಬಿರಿಯುವ ಮೊದಲೇ, ತಣ್ಣೀರಿನಲ್ಲಿ ನೆನೆಸಿ ತೊಳೆಯಿರಿ. ಒಣಗಿದ್ದನ್ನು ಉಜ್ಜಿ ತೆಗೆದರೆ ಚರ್ಮ ಕೆಂಪಾಗುತ್ತದೆ, ಆಗ ಗಂಧಕ್ಕೆ ಬೈದು ಪ್ರಯೋಜನವಿಲ್ಲ.

ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕರಾವಳಿಯವರು ಬೆವರುಸಾಲೆಗೆ ಹಚ್ಚುವುದು ಹೆಚ್ಚು. ನೀರು ಆರುವಾಗ ಮೈ ತಂಪಾಗುತ್ತದೆ, ಉರಿ ಕಡಿಮೆ ಅನ್ನಿಸುತ್ತದೆ. ದಪ್ಪ ಪದರ ಬೇಡ, ಬೆವರಿಗೆ ದಾರಿ ಬೇಕು. ಬಣ್ಣ ಬೆಳ್ಳಗಾಗುತ್ತದೆ ಎಂಬ ನಿರೀಕ್ಷೆಯಲ್ಲಿ ಹಚ್ಚುವುದಾದರೆ ಕೊರಡು ದಂಡ.

ಮೊದಲ ಸಲ ಹಚ್ಚುವವರು ಮೊಳಕೈಯ ಒಳಬದಿಗೆ ನಾಣ್ಯದಷ್ಟು ಹಚ್ಚಿ ತೊಳೆದು ಒಂದು ದಿನ ಕಾಯಿರಿ. ಗಂಧ ಒಗ್ಗದ ಚರ್ಮವೂ ಉಂಟು. ತುರಿಕೆ, ಕೆಂಪು ಗುಳ್ಳೆ ಬಂದರೆ ಬಿಟ್ಟುಬಿಡಿ. ದಿನಾ ಬೊಟ್ಟು ಇಡುವ ಜಾಗ ಕಪ್ಪಾಗುತ್ತಾ ಬಂದರೂ ಹಾಗೆಯೇ, ಚರ್ಮದ ವೈದ್ಯರಿಗೆ ತೋರಿಸಿ. ಅಂಥ ಕಡೆ ಹೆಚ್ಚು ಅನುಮಾನ ಪಡಬೇಕಾದ್ದು ಬಣ್ಣ, ಎಸೆನ್ಸ್ ಹಾಕಿದ ಕೊರಡನ್ನು. ಗಾಯ, ಕೀವು ಇರುವಲ್ಲಿ, ಹಸುಳೆಯ ಮೈಗೆ ಹಚ್ಚಬೇಡಿ. ಲಿಂಬೆರಸ ಸೇರಿಸಲೇಬೇಡಿ, ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಲೆ ಉಳಿಯುತ್ತದೆ. ಕರ್ಪೂರ ಕೂಡ ಬೇಡ.

ಪೂಜೆಯ ಕಲ್ಲಿನಲ್ಲೇ ಮೈಗೆ ಹಚ್ಚುವ ಗಂಧ ತೇಯಬಹುದೇ?

ಮಡಿಯ ದೃಷ್ಟಿಯಿಂದ ಹೆಚ್ಚಿನ ಮನೆಗಳಲ್ಲಿ ಒಪ್ಪುವುದಿಲ್ಲ. ಮುಖಕ್ಕೆ ಹಚ್ಚುವಾಗ ಹಾಲು, ಅರಿಶಿನ ಏನೇನೋ ಸೇರುವುದರಿಂದ ಕಲ್ಲಿನ ದೃಷ್ಟಿಯಿಂದಲೂ ಬೇರೆ ಇಡುವುದೇ ಒಳ್ಳೆಯದು. ಹಾಲಿನ ಜಿಡ್ಡು ಕಲ್ಲಿನಲ್ಲಿ ಉಳಿದರೆ ಮಾರನೇ ದಿನ ಹುಳಿ ವಾಸನೆ. ಕೊರಡು ಒಂದೇ ಇದ್ದರೆ ಗರಗಸದಿಂದ ಎರಡು ಮಾಡಿಕೊಳ್ಳಿ.

ಮಳೆಗಾಲದಲ್ಲಿ ಕೊರಡಿಗೆ ಬೂಷ್ಟು ಹಿಡಿಯುತ್ತದೆ. ಏನು ಮಾಡುವುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದು ಎಲ್ಲರ ಮನೆಯ ಕತೆ. ಒದ್ದೆ ಕೊರಡನ್ನು ಒದ್ದೆ ಕಲ್ಲಿನ ಮೇಲೇ ಮಲಗಿಸಿ ಹೋಗುವುದೇ ಕಾರಣ. ತೇಯ್ದ ಕೂಡಲೇ ಬಟ್ಟೆಯಿಂದ ಒರೆಸಿ, ತೇಯ್ದ ಮುಖ ಮೇಲಾಗುವಂತೆ ಗಾಳಿಯಾಡುವ ಕಡೆ ನಿಲ್ಲಿಸಿಡಿ. ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಬೇಡಿ. ಬೇಗ ಒಣಗಲಿ ಎಂದು ಒಲೆಯ ಮೇಲಿನ ಅಟ್ಟದಲ್ಲೋ ಬಿಸಿಲಲ್ಲೋ ಇಟ್ಟರೆ ತುದಿ ನಕ್ಷತ್ರದಾಕಾರಕ್ಕೆ ಸೀಳುತ್ತದೆ, ಆಮೇಲೆ ತೇಯುವಾಗ ಆ ಸೀಳಿನ ಅಂಚು ಚಕ್ಕೆಯಾಗಿ ಏಳುತ್ತದೆ. ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿಡುವ ಅಭ್ಯಾಸದಿಂದಲೂ ಹೀಗೇ ಆಗುತ್ತದೆ. ಬೂಷ್ಟು ಬಂದಿದ್ದರೆ ಒಣ ಬಟ್ಟೆಯಿಂದ ಒರೆಸಿ, ಮುಖವನ್ನು ಒಂದು ಪದರ ತೇಯ್ದು ಅದನ್ನು ಚೆಲ್ಲಿ, ಒಳಗಿನ ಮರಕ್ಕೆ ಏನೂ ಆಗಿರುವುದಿಲ್ಲ.

ತೇಯ್ದ ಗಂಧವನ್ನು ಮಾರನೇ ದಿನಕ್ಕೆ ಇಡಬೇಡಿ. ಆ ತಿಂಗಳುಗಳಲ್ಲಿ ಅದಕ್ಕೂ ಬೂಷ್ಟು ಬರುತ್ತದೆ.

ತೇಯ್ದೂ ತೇಯ್ದೂ ಹಿಡಿಯಲು ಬಾರದಷ್ಟು ಚಿಕ್ಕದಾದ ಕೊರಡನ್ನು ಏನು ಮಾಡುವುದು?

ಎರಡು ಸೆಂಟಿಮೀಟರಿಗಿಂತ ಗಿಡ್ಡವಾದಾಗ ಬೆರಳೂ ಕಲ್ಲಿಗೆ ತಾಗಿ ಸವೆಯುತ್ತದೆ. ಒಂದು ಬಿದಿರಿನ ಕೊಳವೆಯ ಬಾಯಿಗೆ ಬಿಗಿಯಾಗಿ ತುರುಕಿ, ತುದಿ ಅರ್ಧ ಸೆಂಟಿಮೀಟರ್ ಹೊರಗಿರುವಂತೆ ಮಾಡಿದರೆ ಅದನ್ನೇ ಹಿಡಿಯಾಗಿ ಇನ್ನೂ ಕೆಲವು ವಾರ ತೇಯಬಹುದು. ಅಂಟು ಹಾಕಬೇಡಿ, ಅದೂ ಗಂಧದ ಜೊತೆ ಇಳಿಯುತ್ತದೆ. ಕಡೆಗೆ ಉಳಿದ ಚೂರನ್ನು ಕೆಂಡದ ಮೇಲೆ ಧೂಪಕ್ಕೆ ಹಾಕಿ, ಇಲ್ಲವೇ ರೇಷ್ಮೆ ಸೀರೆಯ ಪೆಟ್ಟಿಗೆಯಲ್ಲಿ ತೆಳು ಬಟ್ಟೆ ಸುತ್ತಿ ಇಡಿ.